ಸಂಖ್ಯೆ ಉಳಿಯಿತು, ವಿಡಿಯೊ ಕಳೆಯಿತು

ಕಬ್ಬು ನುರಿಸುವ ಹಂಗಾಮು ಶುರುವಾದರೆ ಹುಕ್ಕೇರಿ, ಸಂಕೇಶ್ವರ, ಗೋಕಾಕದ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಅಂಚು ಮೀರಿ ಹೊರಚಾಚಿದ ಕಬ್ಬಿನ ಹೊರೆ, ಹಿಂದೆ ದೀಪವೂ ಇಲ್ಲ, ಕೆಂಪು ರಿಫ್ಲೆಕ್ಟರೂ ಇಲ್ಲ. ಮುಸ್ಸಂಜೆಯಲ್ಲಿ ಬೈಕ್ ಓಡಿಸುವವನಿಗೆ ಅದು ಟ್ರಾಲಿ ಎಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಇಂಥ ಟ್ರಾಲಿಯನ್ನು ದೂರದಿಂದಲೇ ಗುರುತಿಸುವ ಒಂದು ಮಷಿನ್ ಲರ್ನಿಂಗ್ ಮಾಡೆಲ್ ಕಟ್ಟಬೇಕೆಂದು ನಮ್ಮ ಕಡೆಯ ಕೆಲವು ವಿದ್ಯಾರ್ಥಿಗಳು ಹೊರಟಾಗ ನಾನೂ ಅವರ ಜೊತೆ ಕೂತೆ. ಮಾಡೆಲ್‌ಗೆ ಚಿತ್ರಗಳು ಬೇಕು. ಚಿತ್ರಗಳು ವಿಡಿಯೊದಿಂದ ಬರಬೇಕು. ವಿಡಿಯೊವನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ 1, 2, 3 ಎಂದು ಸಂಖ್ಯೆ ಕೊಟ್ಟು ಫೋಲ್ಡರಿಗೆ ತುಂಬುವುದು ಈ ಕ್ಷೇತ್ರದಲ್ಲಿ ಎಲ್ಲರೂ ಮಾಡುವ ಕೆಲಸ. ಆ ರೂಢಿಯನ್ನೇ ಇಲ್ಲಿ ಒರೆಗೆ ಹಚ್ಚಬೇಕೆಂದಿದ್ದೇನೆ. ಅದರಲ್ಲಿ ಒಂದು ದೊಡ್ಡ ದೋಷವಿದೆ: ಅದು ಚಿತ್ರವನ್ನು ಉಳಿಸಿ, ಆ ಚಿತ್ರ ಎಲ್ಲಿಂದ ಬಂತೆಂಬುದನ್ನು ಅಳಿಸುತ್ತದೆ.

ಮೊದಲು ಲೆಕ್ಕ ನೋಡೋಣ. ರಸ್ತೆಯ ಬದಿಯ ಮೂರು ಜಾಗಗಳಲ್ಲಿ ಮೊಬೈಲ್ ಇಟ್ಟು, ಜಾಗಕ್ಕೆ ಎರಡರಂತೆ ಆರು ವಿಡಿಯೊ ತೆಗೆದೆವು. ಪ್ರತಿಯೊಂದೂ 20 ನಿಮಿಷದ್ದು. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ವಿಡಿಯೊದಲ್ಲಿ 36,000, ಆರರಲ್ಲಿ 2,16,000 ಚಿತ್ರ. ಹುಡುಗರು ಇಷ್ಟನ್ನೂ ತೆಗೆಯೋಣ ಎಂದರು. ಚಿತ್ರ ಹೆಚ್ಚಿದಷ್ಟೂ ಕಲಿಕೆ ಹೆಚ್ಚು ಎಂಬ ನಂಬಿಕೆ ಅವರದು. ಆದರೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಗಂಟೆಗೆ 15 ಕಿಲೊಮೀಟರ್ ವೇಗದಲ್ಲಿ ಹೋದರೆ ಒಂದು ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತದೆ. ಕ್ಯಾಮೆರಾದ ಕಣ್ಣಿಗೆ ಬೀಳುವ ರಸ್ತೆ 20 ಮೀಟರ್ ಇದ್ದರೆ ಅದು ಐದು ಸೆಕೆಂಡು ಕಾಣುತ್ತದೆ. ಅಂದರೆ ಒಂದೇ ಟ್ರಾಲಿಯ 150 ಚಿತ್ರ. ಒಂದಕ್ಕೂ ಇನ್ನೊಂದಕ್ಕೂ ಟ್ರಾಲಿ ಗೇಣಿಗಿಂತ ಕಡಿಮೆ ಸರಿದಿರುತ್ತದೆ. ಇವನ್ನು 150 ಚಿತ್ರ ಎನ್ನುವುದು ಲೆಕ್ಕಕ್ಕೆ ಸರಿ, ಕಲಿಕೆಗೆ ಸರಿಯಲ್ಲ. ಕಲಿಯಲಿಕ್ಕೆ ಸಿಕ್ಕಿದ್ದು ಒಂದೇ ಟ್ರಾಲಿ.

ಚಿತ್ರ ತೆಗೆಯುವುದು ಯಂತ್ರ. ಅದರ ಮೇಲೆ ಟ್ರಾಲಿಯ ಸುತ್ತ ಚೌಕ ಎಳೆದು ಗುರುತು ಹಾಕುವುದು ಮನುಷ್ಯ. ಚಿತ್ರವೊಂದಕ್ಕೆ ಒಂದು ನಿಮಿಷ ಹಿಡಿದರೂ 2,16,000 ಚಿತ್ರಕ್ಕೆ 3,600 ಗಂಟೆ ಬೇಕು. ಐದು ಸೆಕೆಂಡಿಗೆ ಒಂದು ಚಿತ್ರ ತೆಗೆದರೆ ಒಟ್ಟು 1,440 ಚಿತ್ರ, 24 ಗಂಟೆಯ ಕೆಲಸ. ಹೊಲದ ಕೆಲಸ, ಪರೀಕ್ಷೆಯ ಓದು ಎರಡೂ ಇರುವ ಹುಡುಗರಿಗೆ ಇದು ಕೈಗೆಟುಕುವ ಅಳತೆ. ಟ್ರಾಲಿ ಕಾಣುವುದೂ ಐದು ಸೆಕೆಂಡು, ನಾವು ಚಿತ್ರ ತೆಗೆಯುವುದೂ ಐದು ಸೆಕೆಂಡಿಗೊಮ್ಮೆ. ಹಾದುಹೋಗುವ ಪ್ರತಿ ಟ್ರಾಲಿ ಸುಮಾರಾಗಿ ಒಂದು ಸಲ ಸಿಗುತ್ತದೆ. ಎಷ್ಟು ಹೊತ್ತಿಗೊಂದು ಚಿತ್ರ ಎಂಬುದನ್ನು ಹೀಗೆ ರಸ್ತೆಯೇ ಹೇಳಬೇಕು.

ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಸಲಕರಣೆ `ffmpeg`. ಸಾಮಾನ್ಯವಾಗಿ ಎಲ್ಲರೂ ಬರೆಯುವ ಆಜ್ಞೆ ಇದು:

```
ffmpeg -i video.mp4 -vf fps=1/5 frame_%05d.jpg
```

ಇದರಿಂದ `frame_00001.jpg`, `frame_00002.jpg` ಎಂದು ಚಿತ್ರಗಳು ಸಾಲಾಗಿ ಬೀಳುತ್ತವೆ. `%05d` ಎಂಬುದು ಸಂಖ್ಯೆಯ ಎಡಕ್ಕೆ ಸೊನ್ನೆ ತುಂಬಿ ಐದು ಅಂಕಿ ಮಾಡುತ್ತದೆ. ಅದಿಲ್ಲದಿದ್ದರೆ ಹೆಸರಿನ ಅಕ್ಷರ ನೋಡಿ ಜೋಡಿಸುವ ಪ್ರೋಗ್ರಾಂ 1 ಆದ ಮೇಲೆ 10, ಆಮೇಲೆ 100 ಎಂದು ಜೋಡಿಸಿ, 2 ಅನ್ನು ಎಲ್ಲೋ ಕೆಳಗೆ ತಳ್ಳುತ್ತದೆ. ಇಲ್ಲಿಯವರೆಗೆ ಈ ರೂಢಿ ಚೊಕ್ಕವಾಗಿದೆ, ಮೆಚ್ಚಬೇಕಾದದ್ದೇ.

ನಮಗೆ ಪೆಟ್ಟು ಬಿದ್ದದ್ದು ಹೆಸರಿನಲ್ಲಿ. ಮೊದಲ ವಿಡಿಯೊದ 240 ಚಿತ್ರಗಳಿಗೆ ಗುರುತು ಹಾಕಿ ಮುಗಿದಿತ್ತು. ಆಮೇಲೆ ಒಬ್ಬ ಹುಡುಗ, ಪ್ರಯೋಗಕ್ಕೆಂದು ಬೇರೆಯಾಗಿ ತೆಗೆದಿದ್ದ 15 ನಿಮಿಷದ ವಿಡಿಯೊವನ್ನು ಅದೇ ಫೋಲ್ಡರಿನಲ್ಲಿ ಅದೇ ಆಜ್ಞೆ ಕೊಟ್ಟು ಬಿಡಿಸಿದ. ಒಂದೇ ವಿಡಿಯೊ ಫೈಲಿನ ಮೇಲೆ ಬರೆಯುವಾಗ `ffmpeg` ‘ಅಳಿಸಲೇ?’ ಎಂದು ಕೇಳುತ್ತದೆ. ಸಂಖ್ಯೆ ಹಾಕಿದ ಚಿತ್ರಗಳ ಸಾಲಿಗೆ ಹಾಗೆ ಕೇಳುವುದಿಲ್ಲ, ಸುಮ್ಮನೆ ಬರೆದುಬಿಡುತ್ತದೆ. ಹೊಸ ವಿಡಿಯೊದಿಂದ ಬಂದದ್ದು 180 ಚಿತ್ರ. ಹೀಗಾಗಿ 1ರಿಂದ 180ರವರೆಗೆ ಹೊಸದು, 181ರಿಂದ 240ರವರೆಗೆ ಹಳೆಯದು, ಗುರುತುಗಳೆಲ್ಲ ಹಳೆಯ ವಿಡಿಯೊದವು.

ಎರಡು ದಿನ ಯಾರಿಗೂ ತಿಳಿಯಲಿಲ್ಲ. ಮೂರನೆಯ ದಿನ ಚಿತ್ರ ತೆರೆದು ನೋಡಿದ ಹುಡುಗ ಹೇಳಿದ: ‘ಸರ್, ನಂಬರ್ ಅದಽ ಐತಿ, ಫೋಟೊ ಬ್ಯಾರೆ ಆಗೇತಿ.’ ಟ್ರಾಲಿಗೆಂದು ಎಳೆದ ಚೌಕ ಖಾಲಿ ರಸ್ತೆಯ ಮೇಲೆ ನಿಂತಿತ್ತು. 181ನೆಯ ಚಿತ್ರಕ್ಕೆ ಬಂದೊಡನೆ ಚೌಕಗಳು ಮತ್ತೆ ಟ್ರಾಲಿಯ ಮೇಲೆ ಸರಿಯಾಗಿ ಕೂತವು. ಈ ತಪ್ಪನ್ನು ಗುರುತಿಸುವ ದಾರಿಯೂ ಅದೇ: ಗುರುತುಗಳನ್ನು ಚಿತ್ರದ ಮೇಲೆ ಬಿಡಿಸಿ ಕಣ್ಣಿಂದ ನೋಡಬೇಕು, ತಪ್ಪು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ಹುಡುಕಬೇಕು. ಫೈಲುಗಳನ್ನು ಎಣಿಸಿದರೆ ಸಿಗದು. ಎಣಿಕೆ ಆಗಲೂ 240 ಇತ್ತು, ಈಗಲೂ 240 ಇದೆ.

ಪರಿಹಾರ ಬಹಳ ಸರಳ. ಹೆಸರಿನೊಳಗೆ ವಿಡಿಯೊ ಇರಬೇಕು:

```
ffmpeg -i v03.mp4 -vf fps=1/5 -q:v 2 v03_%05d.jpg
```

`-q:v 2` ಚಿತ್ರದ ಗುಣಮಟ್ಟ ಕಾಯಲಿಕ್ಕೆ. ಈ ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೆನ್ನ. ಮುಖ್ಯವಾದದ್ದು `v03`. `v03_00047.jpg` ಎಂದರೆ ಮೂರನೆಯ ವಿಡಿಯೊದ 47ನೆಯ ಚಿತ್ರ. ಎಣಿಕೆ ಒಂದರಿಂದ ಶುರುವಾಗುವುದರಿಂದ 46ನ್ನು 5ರಿಂದ ಗುಣಿಸಿದರೆ 230 ಸೆಕೆಂಡು, ಅಂದರೆ 3 ನಿಮಿಷ 50 ಸೆಕೆಂಡಿನ ಆಸುಪಾಸು. ಈ ಫಿಲ್ಟರ್ ಕಾಲವನ್ನು ಹತ್ತಿರದ ಅಂಕಿಗೆ ಹೊಂದಿಸುವುದರಿಂದ ಎರಡೂವರೆ ಸೆಕೆಂಡಿನಷ್ಟು ಆಚೀಚೆ ಆಗಬಹುದು. ಅನುಮಾನ ಬಂದರೆ ಮೂಲ ವಿಡಿಯೊ ತೆರೆದು ಆ ಜಾಗ ನೋಡಲಿಕ್ಕೆ ಅಷ್ಟು ಸಾಕು.

ಜಗತ್ತಿನ ಒಳ್ಳೆಯ ಡೇಟಾಸೆಟ್‌ಗಳು ಈ ಪಾಠವನ್ನು ಮೊದಲೇ ಕಲಿತಿವೆ. 2016ರಲ್ಲಿ ಬಂದ ಸಿಟಿಸ್ಕೇಪ್ಸ್ ಎಂಬ ರಸ್ತೆಚಿತ್ರಗಳ ಸಂಗ್ರಹದಲ್ಲಿ ಒಂದು ಫೈಲಿನ ಹೆಸರು `aachen_000000_000019_leftImg8bit.png`. ಮೊದಲು ಊರು, ಆಮೇಲೆ ವಿಡಿಯೊ ತುಣುಕಿನ ಸಂಖ್ಯೆ, ಆಮೇಲೆ ಫ್ರೇಮಿನ ಸಂಖ್ಯೆ. 30 ಫ್ರೇಮುಗಳ ಪುಟ್ಟ ತುಣುಕಿನಲ್ಲಿ ಇಪ್ಪತ್ತನೆಯದೊಂದನ್ನೇ ಆರಿಸಿ ಗುರುತು ಹಾಕಿದ್ದಾರೆ. ಸೊನ್ನೆಯಿಂದ ಎಣಿಸಿದ್ದರಿಂದ ಅದು 19. ಇಪ್ಪತ್ತೇಳು ಊರುಗಳಿಂದ ಹೀಗೆ ಸೂಕ್ಷ್ಮವಾಗಿ ಗುರುತಿಸಿದ್ದು 5,000 ಚಿತ್ರ ಮಾತ್ರ. ನಮ್ಮ ದೇಶದಲ್ಲಿ ಹೈದರಾಬಾದಿನ ಐಐಐಟಿ ಮುಂದಾಗಿ ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳಿಂದ ಕಟ್ಟಿದ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ನಲ್ಲಿ 182 ಪ್ರಯಾಣಗಳಿಂದ ಆರಿಸಿದ 10,004 ಚಿತ್ರಗಳಿವೆ. ಆಟೊರಿಕ್ಷಾಕ್ಕೂ ಪ್ರಾಣಿಗಳಿಗೂ ಅಲ್ಲಿ ಪ್ರತ್ಯೇಕ ಗುರುತಿದೆ. ಇಬ್ಬರೂ ವಿಡಿಯೊ ಬೇಕಾದಷ್ಟು ತೆಗೆದರು, ಚಿತ್ರವನ್ನು ಅಳೆದು ತೂಗಿ ಆರಿಸಿದರು.

ಇನ್ನು ಹೆಚ್ಚು ಹಾನಿ ಮಾಡುವ ರೂಢಿಯ ಮಾತು. ಚಿತ್ರಗಳೆಲ್ಲ ಒಂದು ಫೋಲ್ಡರಿಗೆ ಬಿದ್ದ ಮೇಲೆ ಅವನ್ನು ಇಸ್ಪೀಟು ಎಲೆಯ ಹಾಗೆ ಕಲಸಿ, ನೂರಕ್ಕೆ ಎಂಬತ್ತನ್ನು ತರಬೇತಿಗೆ, ಇಪ್ಪತ್ತನ್ನು ಪರೀಕ್ಷೆಗೆ ಇಡುತ್ತಾರೆ. ಬಿಡಿಬಿಡಿ ಫೋಟೊಗಳಿಗೆ ಇದು ಸರಿ. ವಿಡಿಯೊದ ಫ್ರೇಮುಗಳಿಗೆ ಇದು ಪ್ರಶ್ನೆಪತ್ರಿಕೆ ಬಯಲಾದಂತೆ. ಎಲ್ಲ ಫ್ರೇಮುಗಳನ್ನೂ ತೆಗೆದಿದ್ದೀರೆಂದುಕೊಂಡು, ಪರೀಕ್ಷೆಗೆ ಬಿದ್ದ ಒಂದನ್ನು ಹಿಡಿಯಿರಿ. ಅದರ ಹಿಂದಿನದು ಪರೀಕ್ಷೆಯ ಕಡೆ ಬಿದ್ದಿರುವ ಸಂಭವ ಐದರಲ್ಲಿ ಒಂದು, ಮುಂದಿನದಕ್ಕೂ ಅಷ್ಟೇ. ಎರಡೂ ಆ ಕಡೆ ಬೀಳುವ ಸಂಭವ ಇಪ್ಪತ್ತೈದರಲ್ಲಿ ಒಂದು. ಅಂದರೆ ಪರೀಕ್ಷೆಯ ನೂರು ಚಿತ್ರಗಳಲ್ಲಿ ಸುಮಾರು 96ಕ್ಕೆ, ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟೇ ದೂರದ ಅವಳಿ ತರಬೇತಿಯಲ್ಲಿ ಕೂತಿರುತ್ತದೆ. ಮಾಡೆಲ್ ಟ್ರಾಲಿಯನ್ನು ಗುರುತಿಸಬೇಕಾಗಿಲ್ಲ, ನೆನಪಿಟ್ಟುಕೊಂಡರೆ ಸಾಕು. ಅಂಕ ಬರುತ್ತದೆ, ವಿದ್ಯೆ ಬರುವುದಿಲ್ಲ.

ಐದು ಸೆಕೆಂಡಿಗೊಂದು ಚಿತ್ರ ತೆಗೆದರೆ ಹಾದುಹೋಗುವ ಟ್ರಾಲಿಯ ಅವಳಿ ತಪ್ಪುತ್ತದೆ. ಆದರೆ ಕಾರ್ಖಾನೆಯ ಮುಂದೆ ಸರದಿಗಾಗಿ ಕಾಯುತ್ತ ನಿಂತ ಟ್ರಾಲಿ 20 ನಿಮಿಷವೂ ಅಲ್ಲೇ ಇರುತ್ತದೆ, 240 ಚಿತ್ರಗಳಲ್ಲೂ ಬರುತ್ತದೆ. ಹಿಂದಿನ ಬೇವಿನ ಮರ, ಚಹಾದ ಅಂಗಡಿಯ ತಗಡೂ ಹಾಗೆಯೇ ಬರುತ್ತವೆ. ಆದ್ದರಿಂದ ಚಿತ್ರಗಳನ್ನು ಬಿಡಿಯಾಗಿ ಹಂಚಬಾರದು, ಇಡೀ ವಿಡಿಯೊವನ್ನೇ ಒಂದು ಕಡೆ ಇಡಬೇಕು. ಸಾಧ್ಯವಾದರೆ ಒಂದು ಇಡೀ ಜಾಗವನ್ನೇ. ಸಿಟಿಸ್ಕೇಪ್ಸ್‌ನವರು ಊರುಗಳನ್ನೇ ಬೇರೆ ಬೇರೆ ಪಾಲಿಗೆ ಹಂಚಿದರು. ನಾವು ಮೂರನೆಯ ಜಾಗದ ಎರಡು ವಿಡಿಯೊಗಳನ್ನು ಪರೀಕ್ಷೆಗೆ ಮೀಸಲಿಟ್ಟೆವು. ಅಂಕ ಥಟ್ಟನೆ ಇಳಿಯಿತು, ಹುಡುಗರ ಮುಖ ಬಾಡಿತು. ಆದರೆ ಮಾಡೆಲ್ ಕಾಣದ ರಸ್ತೆಯಲ್ಲಿ ಅದು ಏನು ಮಾಡಬಲ್ಲದು ಎಂಬುದು ನಮಗೆ ಮೊದಲ ಸಲ ತಿಳಿದದ್ದು ಆವತ್ತೇ. ಈ ಹಂಚಿಕೆ ನಮ್ಮಿಂದ ಆದದ್ದು ಫೈಲಿನ ಹೆಸರಿನಲ್ಲಿ `v05`, `v06` ಎಂದು ಇದ್ದುದರಿಂದ. ಬರೀ `frame_00001` ಇದ್ದಿದ್ದರೆ ಯಾವ ಚಿತ್ರ ಯಾವ ಜಾಗದ್ದೆಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ.

ಕೊನೆಯದಾಗಿ ಮುಸ್ಸಂಜೆ. ಕೆಲವರು ಕಾಲ ಬಿಟ್ಟು ಫ್ರೇಮನ್ನು ಎಣಿಸುತ್ತಾರೆ: 150 ಫ್ರೇಮಿಗೆ ಒಂದು ಚಿತ್ರ. ಬೆಳಕು ಕಡಿಮೆಯಾದಾಗ ಎಷ್ಟೋ ಮೊಬೈಲುಗಳು ಸೆಕೆಂಡಿಗೆ ತೆಗೆಯುವ ಫ್ರೇಮನ್ನು ತಾವೇ ಇಳಿಸುತ್ತವೆ. 30 ಇದ್ದದ್ದು 20 ಆದರೆ 150 ಫ್ರೇಮಿಗೆ ಐದರ ಬದಲು ಏಳೂವರೆ ಸೆಕೆಂಡು ಹಿಡಿಯುತ್ತದೆ. ನಮಗೆ ಎಲ್ಲಕ್ಕಿಂತ ಬೇಕಾದ ಕತ್ತಲ ಹೊತ್ತಿನ ಚಿತ್ರಗಳೇ ವಿರಳವಾಗುತ್ತವೆ. ಎಣಿಸಬೇಕಾದದ್ದು ಸೆಕೆಂಡನ್ನು. ಆ ಹೊತ್ತಿನ ಚಿತ್ರಗಳು ಮಸುಕಾಗಿಯೂ ಇರುತ್ತವೆ. ಕ್ಯಾಮೆರಾದ ಕಣ್ಣು ಸೆಕೆಂಡಿನ ಮೂವತ್ತನೆಯ ಒಂದು ಭಾಗ ತೆರೆದಿದ್ದರೂ ಟ್ರಾಲಿ ಅಷ್ಟರಲ್ಲಿ ಸುಮಾರು 14 ಸೆಂಟಿಮೀಟರ್ ಸರಿದಿರುತ್ತದೆ. ಮಸುಕಾದದ್ದನ್ನೆಲ್ಲ ಕಸವೆಂದು ಎಸೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮನುಷ್ಯನ ಕಣ್ಣಿಗೆ ಟ್ರಾಲಿ ಎಂದು ತಿಳಿಯುವಷ್ಟಿದ್ದರೆ ಅದು ಡೇಟಾಸೆಟ್‌ನಲ್ಲಿ ಇರಲೇಬೇಕು. ಮಾಡೆಲ್ ನಾಳೆ ಕಾಣಬೇಕಾದದ್ದೂ ಅಂಥ ಮಸುಕನ್ನೇ. ನಮಗೇ ತಿಳಿಯದಿದ್ದರೆ ಬಿಡಬೇಕು.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ವಿಡಿಯೊದಿಂದ ಸಂಖ್ಯೆ ಹಾಕಿದ ಚಿತ್ರ ತೆಗೆಯುವುದು ಒಳ್ಳೆಯ, ಅಗ್ಗದ ದಾರಿ. ಮೊಬೈಲ್ ಒಂದಿದ್ದರೆ ತಾಲ್ಲೂಕಿನ ಹುಡುಗರೂ ತಮ್ಮ ರಸ್ತೆಯ ಡೇಟಾಸೆಟ್ ಕಟ್ಟಬಹುದು. ಆದರೆ ಬರೀ ಸಂಖ್ಯೆ ಹೆಸರಾಗಲಾರದು. ಹುಕ್ಕೇರಿಯಲ್ಲೋ ಮೂಡಲಗಿಯಲ್ಲೋ ಗೋಕಾಕದಲ್ಲೋ ಈ ಕೆಲಸಕ್ಕೆ ಕೂರುವವರು ಮೊದಲ ಆಜ್ಞೆ ಕೊಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ವಿಡಿಯೊ, ಯಾವ ಜಾಗ, ಯಾವ ದಿನ, ಎಷ್ಟು ಹೊತ್ತಿಗೆ, ಯಾವುದು ಪರೀಕ್ಷೆಗೆ ಮೀಸಲು. ಚಿತ್ರ ತೆಗೆದಾಯಿತೆಂದು ಮೂಲ ವಿಡಿಯೊ ಅಳಿಸಬೇಡಿ. ಚಿತ್ರ ಕೆಟ್ಟರೆ ವಿಡಿಯೊದಿಂದ ಮತ್ತೆ ತೆಗೆಯಬಹುದು. ವಿಡಿಯೊ ಹೋದರೆ ಮುಂದಿನ ಹಂಗಾಮಿನವರೆಗೆ ಕಾಯಬೇಕು.