‘ನಾರ್ಮಲ್’ ಎಂಬ ಅರೆಬರೆ ಉತ್ತರ

ಕಿಡ್ನಿ ಪರೀಕ್ಷೆಯ ರಿಪೋರ್ಟನ್ನು ರೋಗಿಗೆ ವಿವರಿಸುವ ರೂಢಿ ನಮ್ಮಲ್ಲಿ ಬಹುಪಾಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕ್ರಿಯಾಟಿನಿನ್ ಅಂಕಿ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯೊಳಗಿದ್ದರೆ "ನಾರ್ಮಲ್ ಇದೆ", ದಾಟಿದ್ದರೆ "ಕಿಡ್ನಿ ಸ್ವಲ್ಪ ವೀಕ್". ಎರಡೂ ಎಲ್ಲರಿಗೂ ಅರ್ಥವಾಗುವ ಮಾತುಗಳೇ. ಆದರೆ ಮೊದಲನೆಯದು ಎಷ್ಟೋ ಸಲ ಸುಳ್ಳು ಧೈರ್ಯ ಕೊಡುತ್ತದೆ, ಎರಡನೆಯದು ಬರೀ ಹೆದರಿಸುತ್ತದೆ.

ಸಕ್ಕರೆ ಕಾಯಿಲೆ ಇರುವ 68 ವರ್ಷದ ಹೆಂಗಸೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವರ ಕ್ರಿಯಾಟಿನಿನ್ 1.1. ಲ್ಯಾಬ್ ಹಾಕಿರುವ ಮಿತಿ 0.6ರಿಂದ 1.1. ದಪ್ಪಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ. ಅದೇ ಹಾಳೆಯ ಕೆಳಗಡೆ ಸಣ್ಣದಾಗಿ ಇ-ಜಿಎಫ್‌ಆರ್ 55 ಎಂದಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. 28 ವರ್ಷದ ಗಂಡಸಿನ ರಕ್ತದಲ್ಲೂ ಕ್ರಿಯಾಟಿನಿನ್ ಇದೇ 1.1 ಇದ್ದರೆ, ಅವನ ಇ-ಜಿಎಫ್‌ಆರ್ ಸುಮಾರು 94 ಬರುತ್ತದೆ. ಅಂಕಿ ಒಂದೇ, ಕಿಡ್ನಿಗಳ ಸ್ಥಿತಿ ಬೇರೆ.

ಕಾರಣವನ್ನು ತಿಳಿಗನ್ನಡದಲ್ಲಿ ಹೇಳಲು ಕಷ್ಟವೇನಿಲ್ಲ. ಕ್ರಿಯಾಟಿನಿನ್ ನಮ್ಮ ಮಾಂಸಖಂಡಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುವ ತ್ಯಾಜ್ಯ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಸೋಸುವ ವೇಗ ಅರ್ಧಕ್ಕಿಳಿದರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಇಮ್ಮಡಿಯಾಗುತ್ತದೆ. ವಯಸ್ಸಾದವರಲ್ಲಿ, ಹೆಂಗಸರಲ್ಲಿ ಮಾಂಸಖಂಡ ಕಡಿಮೆಯಾದ್ದರಿಂದ ಹುಟ್ಟುವ ಕ್ರಿಯಾಟಿನಿನ್ ಕೂಡ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಸಾಧುವಾಗಿಯೇ ಕಾಣುತ್ತದೆ. ಈ ತಾಯಿಯ ನಾಲ್ಕು ವರ್ಷದ ಹಿಂದಿನ ರಿಪೋರ್ಟಿನಲ್ಲಿ 0.7 ಇತ್ತೆನ್ನಿ. ಆಗ ಇ-ಜಿಎಫ್‌ಆರ್ ಸುಮಾರು 96. ಎರಡು ರಿಪೋರ್ಟೂ ‘ನಾರ್ಮಲ್’, ನಡುವೆ ಸೋಸುವ ಶಕ್ತಿಯ ಐದರಲ್ಲಿ ಎರಡು ಪಾಲು ಹೋಗಿದೆ. ಹಳೆಯ ರಿಪೋರ್ಟು ಕೇಳದೆ ಕೊಡುವ ವಿವರಣೆ ಎಷ್ಟೇ ಸರಳವಾಗಿರಲಿ, ಅದು ಅಪೂರ್ಣ.

ಇ-ಜಿಎಫ್‌ಆರ್ ವಿವರಿಸುವವರಲ್ಲೂ ಹಲವರು "ನಿಮ್ಮ ಕಿಡ್ನಿ 55 ಪರ್ಸೆಂಟ್ ಕೆಲಸ ಮಾಡ್ತಿದೆ" ಎನ್ನುತ್ತಾರೆ. ಲೆಕ್ಕ ತೀರಾ ದೂರವಲ್ಲದಿದ್ದರೂ ಅದು ಪರ್ಸೆಂಟ್ ಅಲ್ಲ. ಕಿಡ್ನಿಗಳು ಒಂದು ನಿಮಿಷಕ್ಕೆ ಸೋಸುವ ದ್ರವ ಎಷ್ಟು ಮಿಲಿಲೀಟರ್ ಎಂಬ ಅಂದಾಜು, ಸರಾಸರಿ ಮೈಯಳತೆಗೆ ಹೊಂದಿಸಿದ್ದು. ಹಾಗೆ ಹೇಳಿದರೆ ರೋಗಿಯ ದೊಡ್ಡ ಪ್ರಶ್ನೆಯೊಂದಕ್ಕೂ ಉತ್ತರ ಸಿಗುತ್ತದೆ: "ಮೂತ್ರ ಚೆನ್ನಾಗೇ ಹೋಗ್ತಿದೆಯಲ್ಲ ಡಾಕ್ಟ್ರೇ, ಕಿಡ್ನಿಗೇನಾಗಿದೆ?" ನಿಮಿಷಕ್ಕೆ 55 ಮಿಲಿಲೀಟರ್ ಎಂದರೆ ದಿನಕ್ಕೆ ಸುಮಾರು 79 ಲೀಟರ್. ಅದರಲ್ಲಿ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬಂದು ಉಳಿದದ್ದು ರಕ್ತಕ್ಕೇ ಮರಳುತ್ತದೆ. ಆದ್ದರಿಂದ ಸೋಸುವಿಕೆ ಅರ್ಧವಾದರೂ ಮೂತ್ರ ಮೊದಲಿನಷ್ಟೇ ಬರಬಹುದು. ಕಿಡ್ನಿಗೆ ಕೊಡುವ ಜರಡಿಯ ಹೋಲಿಕೆ ಸೋಲುವುದು ಇಲ್ಲಿಯೇ: ಜರಡಿ ಕೆಟ್ಟರೆ ಕೆಳಗೆ ಬೀಳುವುದೂ ಕಡಿಮೆಯಾಗಬೇಕು ಎಂದು ರೋಗಿ ನ್ಯಾಯವಾಗಿಯೇ ತಿಳಿಯುತ್ತಾನೆ.

ಹಾಗಂತ 55 ಕೂಡ ಕೊನೆಯ ಮಾತಲ್ಲ. ಅದು ಕ್ರಿಯಾಟಿನಿನ್, ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಸೂತ್ರಕ್ಕೆ ಹಾಕಿ ತೆಗೆದ ಲೆಕ್ಕ. ಕ್ರಿಯಾಟಿನಿನ್ 1.1ರ ಬದಲು 1.2 ಬಂದರೆ ಇದೇ ಹೆಂಗಸಿನ ಇ-ಜಿಎಫ್‌ಆರ್ 49ಕ್ಕಿಳಿಯುತ್ತದೆ. ಅಷ್ಟು ವ್ಯತ್ಯಾಸ ಹಿಂದಿನ ರಾತ್ರಿಯ ಮಾಂಸದೂಟದಿಂದಲೂ, ವಾಂತಿಭೇದಿಯಿಂದ ಮೈ ಒಣಗಿದ್ದರಿಂದಲೂ, ಕೆಲವು ಮಾತ್ರೆಗಳಿಂದಲೂ ಬರಬಹುದು. ಕಾಯಿಲೆ ಏಕಾಏಕಿ ಏರುತ್ತಿರುವಾಗ ಈ ಲೆಕ್ಕವನ್ನು ನಂಬುವಂತೆಯೇ ಇಲ್ಲ. ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನಬೇಕಾದರೆ 60ಕ್ಕಿಂತ ಕಡಿಮೆ ಅಂಕಿ, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯಂಥ ಹಾನಿಯ ಗುರುತು, ಕನಿಷ್ಠ ಮೂರು ತಿಂಗಳು ಇರಬೇಕು. ಒಂದೇ ರಿಪೋರ್ಟು ಹಿಡಿದು ‘ವೀಕ್’ ಎನ್ನುವುದು ಅವಸರ. ಮುಂದೆ ಡಯಾಲಿಸಿಸ್ ಎಂಬ ಭಯವೂ ಆ ಒಂದು ಪದದಿಂದಲೇ ಶುರುವಾಗುತ್ತದೆ.

ನನ್ನ ದೃಷ್ಟಿಯಲ್ಲಿ ಒಳ್ಳೆಯ ವಿವರಣೆ ಹೀಗಿರಬೇಕು: "ಅಮ್ಮ, ನಿಮ್ಮ ಕಿಡ್ನಿ ರಕ್ತ ಸೋಸೋ ವೇಗ ನಾಲ್ಕು ವರ್ಷದಲ್ಲಿ 96ರಿಂದ 55ಕ್ಕೆ ಬಂದಿರೋ ಹಾಗೆ ಕಾಣ್ತಿದೆ. ಇದು ಅಂದಾಜು, ಮತ್ತೆ ಪರೀಕ್ಷೆ ಮಾಡಿ ಖಚಿತ ಮಾಡ್ಕೊಬೇಕು. ಮೂತ್ರದಲ್ಲಿ ಆಲ್ಬುಮಿನ್ ಸೋರ್ತಿದೆಯಾ ಅಂತಾನೂ ನೋಡೋಣ. ಅಲ್ಲೀವರೆಗೆ ಮಂಡಿನೋವಿಗೆ ಅಂಗಡಿಯಿಂದ ನೀವೇ ನೋವಿನ ಮಾತ್ರೆ ತಂದು ನುಂಗಬೇಡಿ. ಸಕ್ಕರೆ, ಬಿಪಿ ಮಾತ್ರೆ ಬಿಡಬೇಡಿ, ಯಾವುದನ್ನಾದ್ರೂ ಬದಲಿಸಬೇಕಾದ್ರೆ ನಾನೇ ಹೇಳ್ತೀನಿ." ಒಂದು ನಿಮಿಷವೂ ಬೇಡದ ಮಾತು. ಇದರಲ್ಲಿ ಎಷ್ಟು ಬದಲಾಗಿದೆ, ಅದು ಎಷ್ಟು ಖಚಿತ, ಈಗ ಏನು ಮಾಡಬೇಕು ಎಂಬ ಮೂರೂ ಇವೆ. ಈ ಮೂರರಲ್ಲಿ ಒಂದು ತಪ್ಪಿದರೂ ರೋಗಿಯ ಕೈಯಲ್ಲಿ ಉಳಿಯುವುದು ಅಂಕಿ ಮಾತ್ರ.