ಘರಾಣೆಯ ಬರವಣಿಗೆಯಲ್ಲಿ ಗುರುವಿನ ಸ್ಥಾನ

ಹಿಂದೂಸ್ತಾನಿ ಗಾಯಕರನ್ನು ಕುರಿತು ಕನ್ನಡದಲ್ಲಿ ಬಂದಿರುವ ಜೀವನಚಿತ್ರಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಗುರುವಿನ ಹೆಸರಿಲ್ಲದ ಪುಟ ಅಪರೂಪ. ಆ ಗುರುವಿನಿಂದ ಶಿಷ್ಯನಿಗೆ ನಿಶ್ಚಿತವಾಗಿ ಏನು ದಕ್ಕಿತೆಂದು ತಿಳಿಸುವ ಪುಟವೂ ಅಷ್ಟೇ ಅಪರೂಪ. ಘರಾಣೆ ಎಂದರೆ ಒಂದು ಮನೆತನದಲ್ಲಿ ರೂಪುಗೊಂಡು ಶಿಷ್ಯರ ಮೂಲಕ ಹರಡಿದ ಗಾಯನಶೈಲಿಯಾದ್ದರಿಂದ, ಅಲ್ಲಿ ಗುರುವಿನ ಹೆಸರು ಕಲಿಕೆಯ ಅಧಿಕೃತತೆಗೆ ಸಾಕ್ಷಿಯಾಗಿಯೂ ನಿಲ್ಲುತ್ತದೆ. ಗಾಯಕನು ವೇದಿಕೆಯಲ್ಲಿ ಗುರುವಿನ ಹೆಸರೆತ್ತಿ ಕಿವಿ ಮುಟ್ಟಿಕೊಂಡರೆ ಸಭೆಗೆ ಅಷ್ಟು ಸಾಕು, ಏಕೆಂದರೆ ಮರುಕ್ಷಣವೇ ಹಾಡು ಕೇಳಿಬರುತ್ತದೆ. ಗದ್ಯದಲ್ಲಿ ಹಾಡು ಕೇಳಿಬರುವುದಿಲ್ಲ. ಹೀಗಿದ್ದೂ ನಮ್ಮ ಬರವಣಿಗೆ ವೇದಿಕೆಯ ವಂದನೆಯನ್ನೇ ಹಾಗೆಯೇ ಪುಟಕ್ಕೆ ತಂದು, ವಿವರಣೆಯ ಹೊಣೆ ಅಲ್ಲಿಗೇ ಮುಗಿಯಿತೆಂದು ಭಾವಿಸಿದೆ.

ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರ ಕಲಿಕೆ ಈ ದೋಷವನ್ನು ತಿಳಿಯಲು ಬಹು ಉಪಯುಕ್ತ. ಅವರು ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ಆಮೇಲೆ ಮೀರಜಿನಲ್ಲಿ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಗಾಯನವನ್ನೂ ಕಲಿತರು. ಜೈಪುರ-ಅತ್ರೌಲಿ ಘರಾಣೆಯ ಮಂಜಿ ಖಾನರ ಬಳಿಗೆ ಬಂದದ್ದು ಅದಾದ ಮೇಲೆ. 1937ರಲ್ಲಿ ಮಂಜಿ ಖಾನರು ತೀರಿಕೊಂಡು ಆ ತಾಲೀಮು, ಅಂದರೆ ಗುರುವಿನೆದುರು ಕುಳಿತು ಪಡೆಯುವ ನೇರ ಶಿಕ್ಷಣ, ಬೇಗನೆ ನಿಂತುಹೋಯಿತು. ಅದನ್ನು ಮುಂದುವರಿಸಿದವರು ಅವರ ತಮ್ಮ ಭೂರ್ಜಿ ಖಾನರು.

ಈ ಸಹೋದರರ ತಂದೆ, ಘರಾಣೆಯ ಪ್ರವರ್ತಕ ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಅವರ ಹೆಸರು ದೊಡ್ಡದಾದ್ದರಿಂದ ಮನಸೂರರ ಗಾಯನದ ಗುಣಗಳನ್ನೆಲ್ಲ ಅವರಿಗೇ ಸಲ್ಲಿಸುವ ಪ್ರಲೋಭನೆ ಲೇಖಕನಿಗೆ ಸಹಜವೇ ಆದರೂ, ಮನಸೂರರಿಗೆ ಪಾಠ ಹೇಳಿದವರು ಮಕ್ಕಳು. ದೊಡ್ಡ ಹೆಸರಿನ ನೆರಳಿನಲ್ಲಿ ಮರೆಯಾಗುವುದು ನಿತ್ಯದ ಪಾಠವನ್ನು ಹೊತ್ತ ಭೂರ್ಜಿ ಖಾನರಂಥವರ ದುಡಿಮೆ. ಹೆಸರಿನ ಹಂಗಿನಿಂದ ವಿಮರ್ಶೆಗೆ ಆಗುವ ನಿಜವಾದ ನಷ್ಟ ಇದು.

ಪ್ರಭಾವವನ್ನು ಹೆಸರಿನ ಆಸರೆಯಿಲ್ಲದೆ ಹೇಳಬೇಕಾದರೆ, ಶಿಷ್ಯನ ಬಳಿ ಮೊದಲು ಏನಿತ್ತು, ಆಮೇಲೆ ಏನು ಬದಲಾಯಿತು ಎಂಬುದನ್ನು ಹಾಡಿನೊಳಗೇ ತೋರಿಸಬೇಕಾಗುತ್ತದೆ. ತಾನನ್ನೇ ನೋಡಬಹುದು, ತಾನೆಂದರೆ ಸ್ವರಗಳನ್ನು ಪೋಣಿಸಿ ವೇಗವಾಗಿ ಹಾಡುವ ಸಾಲು. ಗ್ವಾಲಿಯರ್ ಗಾಯನದಲ್ಲಿ ಸಪಾಟ್ ತಾನಿಗೆ, ಎಂದರೆ ನೇರವಾಗಿ ಏರಿ ನೇರವಾಗಿ ಇಳಿಯುವ ಸಾಲಿಗೆ, ಮುಖ್ಯ ಸ್ಥಾನವಿದೆ. ಜೈಪುರದ ತಾನು ಹಾಗೆ ನೇರ ಹೋಗದೆ, ಮುಂದಿಟ್ಟ ಹೆಜ್ಜೆಯಿಂದ ಹಿಂದಿನ ಸ್ವರಕ್ಕೆ ಬಾಗಿ, ಮತ್ತೆ ಸುತ್ತಿಕೊಂಡು ಮುಂದುವರಿಯುತ್ತದೆ; ಈ ಸುತ್ತಿನ ಉದ್ದಕ್ಕೂ ತಾಳದ ಪ್ರತಿ ಮಾತ್ರೆಯ ಅರಿವು ಇರುವುದರಿಂದ, ತಾಳದ ಮೊದಲ ಮಾತ್ರೆಯಾದ ಸಮವನ್ನು ಸೇರುವಾಗ ಗಾಯಕ ಅದನ್ನು ಹುಡುಕಿ ಧಾವಿಸಿದಂತೆ ಕೇಳುವುದಿಲ್ಲ. ಇಷ್ಟನ್ನು ಬರೆದವನು ‘ಗುರುಕೃಪೆಯಿಂದ ರಾಗದ ಮರ್ಮ ತಿಳಿಯಿತು’ ಎಂಬಂಥ ವಾಕ್ಯವನ್ನು ಬರೆಯಬೇಕಾಗಿಲ್ಲ. ಗುರುವಿನ ಹೆಸರನ್ನು ಬದಲಿಸಿ ಇನ್ನಾವ ಗಾಯಕನಿಗಾದರೂ ಹೊಂದಿಸಬಹುದಾದ ವಾಕ್ಯ ಪ್ರಭಾವದ ಬಗ್ಗೆ ಏನನ್ನೂ ಹೇಳಿಲ್ಲವೆಂದೇ ತಿಳಿಯಬೇಕು.

ಗುರುವನ್ನು ಕಥಾನಾಯಕನನ್ನಾಗಿಸುವುದು ಇನ್ನೊಂದು ಬಗೆಯ ದೋಷ. ಆ ಬಗೆಯ ಕಥನದಲ್ಲಿ ಶಿಷ್ಯ ಬರಿದಾದ ಪಾತ್ರೆ, ಗುರು ಅದನ್ನು ತುಂಬಿದವನು. ಆದರೆ ಮನಸೂರರು ಮಂಜಿ ಖಾನರ ಬಳಿ ಬಂದಾಗ ಅವರ ಕಂಠ ಆಗಲೇ ಪಳಗಿತ್ತು, ಗ್ರಾಮಫೋನ್ ತಟ್ಟೆಗಳೂ ಹೊರಬಂದಿದ್ದವು. ಅಲ್ಲಾದಿಯಾ ಖಾನರಿಂದಲೇ ನೇರವಾಗಿ ಕಲಿತ ಕೇಸರಬಾಯಿ ಕೇರ್ಕರ್ ಮತ್ತು ಮೋಗುಬಾಯಿ ಕುರ್ಡೀಕರ್ ಅವರ ಗಾಯನಗಳು ಪರಸ್ಪರ ಭಿನ್ನವಾಗಿವೆ. ಒಂದೇ ಮೂಲದಿಂದ ಹೊರಟ ಪಾಠ ಇಬ್ಬರ ಕಂಠದಲ್ಲಿ ಎರಡಾಗುವುದಾದರೆ, ಅದನ್ನು ಆಯ್ದುಕೊಂಡ, ಬಿಟ್ಟ, ತಿದ್ದಿಕೊಂಡ ಶಿಷ್ಯರ ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಇದರಿಂದ ಗುರುವಿನ ಗೌರವಕ್ಕೆ ಕುಂದಿಲ್ಲ.

ಇಂಥ ವಿವೇಚನೆಗೂ ಮಿತಿಯಿದೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದಷ್ಟೇ ಹಾಡು ಹಿಡಿಯುತ್ತಿದ್ದುದರಿಂದ, ಮನಸೂರರ ಆರಂಭದ ತಟ್ಟೆಗಳನ್ನು ಅವರ ನಂತರದ ದೀರ್ಘ ಕಛೇರಿಗಳ ಧ್ವನಿಮುದ್ರಣದೊಡನೆ ಹೋಲಿಸಿ ತಾನಿನ ಬಾಗು, ಸಮಕ್ಕೆ ಬರುವ ರೀತಿ ಇವುಗಳ ಬದಲಾವಣೆಯನ್ನು ಗುರುತಿಸಲು ಯತ್ನಿಸಬಹುದೇ ಹೊರತು, ರಾಗವನ್ನು ನಿಧಾನವಾಗಿ ಬೆಳೆಸುವ ಕ್ರಮ ಹೇಗೆ ಮಾರ್ಪಟ್ಟಿತೆಂದು ಅವುಗಳಿಂದ ತೀರ್ಮಾನಿಸಲಾಗದು. ಅಣ್ಣನ ಪಾಠವೆಲ್ಲಿ ಮುಗಿದು ತಮ್ಮನ ಪಾಠವೆಲ್ಲಿ ಮೊದಲಾಯಿತೆಂಬುದನ್ನೂ ಬರಿಯ ಕಿವಿಯಿಂದ ಬೇರ್ಪಡಿಸುವುದು ಕಷ್ಟ. ಅಂಥ ಕಡೆ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳಿ ನಿಲ್ಲುವುದೇ ಲೇಖಕನಿಗೆ ಉಳಿಯುವ ಪ್ರಾಮಾಣಿಕ ದಾರಿ.