ಬೀಳುವ ಕೋತಿಗೆ ಗುರಿ ತಪ್ಪದ ಡಾರ್ಟ್

ಭೌತಶಾಸ್ತ್ರದ ಪ್ರಾತ್ಯಕ್ಷಿಕೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ಕೋತಿ ಮತ್ತು ಬೇಟೆಗಾರ’. ಎತ್ತರದಲ್ಲಿ ವಿದ್ಯುತ್ಕಾಂತಕ್ಕೆ ತಗಡಿನ ಕೋತಿಯೊಂದು ಅಂಟಿಕೊಂಡಿರುತ್ತದೆ. ಊದುಗೊಳವೆಯನ್ನು ನೇರ ಅದರ ಎದೆಗೇ ಗುರಿಯಿಟ್ಟು ಡಾರ್ಟ್ ಊದುತ್ತಾರೆ. ಗೊಳವೆಯ ಬಾಯಿಗೆ ಅಡ್ಡಲಾಗಿ ತೆಳುವಾದ ಅಲ್ಯೂಮಿನಿಯಂ ಹಾಳೆಯ ಪಟ್ಟಿ ಇರುತ್ತದೆ. ಕಾಂತಕ್ಕೆ ವಿದ್ಯುತ್ ಹರಿಯುವುದು ಅದರ ಮೂಲಕವೇ. ಡಾರ್ಟ್ ಆ ಪಟ್ಟಿಯನ್ನು ಹರಿದು ಹೊರಬಿದ್ದೊಡನೆ ಕೋತಿ ಕಳಚಿ ಬೀಳುತ್ತದೆ, ಆದರೂ ಡಾರ್ಟ್ ಬಂದು ಎದೆಗೇ ನಾಟುತ್ತದೆ. ಗುರುತ್ವ ಇಲ್ಲದಿದ್ದರೆ ಡಾರ್ಟ್ ಗುರಿಯಿಟ್ಟ ಗೆರೆಯ ಮೇಲೇ ಸಾಗುತ್ತಿತ್ತು, ಕೋತಿ ಇದ್ದಲ್ಲೇ ಇರುತ್ತಿತ್ತು. ಗುರುತ್ವ ಇರುವುದರಿಂದ ಡಾರ್ಟ್ ಆ ಗೆರೆಯಿಂದ ಎಷ್ಟು ಕೆಳಗಿಳಿಯುತ್ತದೋ ಕೋತಿಯೂ ತನ್ನ ಜಾಗದಿಂದ ಅಷ್ಟೇ ಇಳಿಯುತ್ತದೆ. ಮೇಲ್ಮುಖವಾಗಿ ಏರುತ್ತಿರುವ ಡಾರ್ಟ್ ಬೀಳುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ನೆಲದಿಂದ ಅಳೆದರೆ ಅದು ಏರುತ್ತಿರಬಹುದು, ಗೆರೆಯಿಂದ ಅಳೆದರೆ ಹೊರಟ ಕ್ಷಣದಿಂದಲೂ ಬೀಳುತ್ತಲೇ ಇರುತ್ತದೆ. ನಿಜವಾದ ಬಿಲ್ಲುಗಾರರು ಗುರಿಗಿಂತ ತುಸು ಮೇಲಕ್ಕೆ ಹಿಡಿಯುವುದು ಇದೇ ಕಾರಣಕ್ಕೆ. ಅವರ ಗುರಿ ಬೀಳುವುದಿಲ್ಲ.

ಒಂದು ಸಲ ನಾಟಿತೆಂದ ಮಾತ್ರಕ್ಕೆ ಇದು ಸಾಬೀತಾಗದು, ಅದು ಆಕಸ್ಮಿಕವೂ ಇರಬಹುದು. ವೇಗವನ್ನು ಬದಲಿಸಿ ನೋಡಿದಾಗಲೇ ಈ ಪ್ರಯೋಗಕ್ಕೆ ಬೆಲೆ. ಗೊಳವೆಯ ಬಾಯಿ ನೆಲದಿಂದ 1 ಮೀಟರ್, ಕೋತಿ 2.5 ಮೀಟರ್ ಎತ್ತರದಲ್ಲಿದ್ದು ನಡುವಿನ ಅಡ್ಡದೂರ 4 ಮೀಟರ್ ಇರಲಿ. ಗೆರೆಯ ಉದ್ದ ಸುಮಾರು 4.27 ಮೀಟರ್ ಆಗುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದ ಡಾರ್ಟ್ 0.21 ಸೆಕೆಂಡಿನಲ್ಲಿ ತಲುಪುತ್ತದೆ, ಅಷ್ಟರಲ್ಲಿ ಎರಡೂ 22 ಸೆಂಟಿಮೀಟರ್ ಬಿದ್ದಿರುತ್ತವೆ. ವೇಗ 10 ಮೀಟರಿಗೆ ಇಳಿದರೆ ಎರಡೂ 89 ಸೆಂಟಿಮೀಟರ್ ಬಿದ್ದು, ಭೇಟಿ ಅಷ್ಟು ಕೆಳಗೆ ನಡೆಯುತ್ತದೆ. ನಾಟುವ ಎತ್ತರ ಬದಲಾಯಿತು, ನಾಟುವುದು ತಪ್ಪಲಿಲ್ಲ. 6 ಮೀಟರಿಗಿಂತ ಕಡಿಮೆಯಾದರೆ ಮಾತ್ರ ಡಾರ್ಟ್ ಮುಟ್ಟುವ ಮೊದಲೇ ಕೋತಿ ನೆಲ ಸೇರಿರುತ್ತದೆ.

ಹಾಗಿದ್ದರೆ ತರಗತಿಯಲ್ಲಿ ಎಷ್ಟೋ ಸಲ ಡಾರ್ಟ್ ಕೋತಿಯ ಕಾಲ ಕೆಳಗೆ ನುಸುಳಿ ಹೋಗುವುದೇಕೆ? ವಿದ್ಯುತ್ ನಿಂತರೂ ಕಬ್ಬಿಣದ ತಿರುಳಿನಲ್ಲಿ ಕಾಂತತ್ವ ಸ್ವಲ್ಪ ಹೊತ್ತು ಉಳಿಯುವುದರಿಂದ ಕೋತಿ ತಡವಾಗಿ ಕಳಚುತ್ತದೆ. 0.02 ಸೆಕೆಂಡಿನ ತಡ ಸಾಕು, 10 ಮೀಟರ್ ವೇಗದ ಡಾರ್ಟ್ ಸುಮಾರು 8 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಗುರಿಯೇ ತಪ್ಪಿರಬಾರದೇಕೆ ಎಂದರೆ, ಅದನ್ನೂ ವೇಗವೇ ತೋರಿಸಿಕೊಡುತ್ತದೆ. ವೇಗವನ್ನು 20 ಮೀಟರಿಗೆ ಏರಿಸಿದಾಗ ತಪ್ಪು 4 ಸೆಂಟಿಮೀಟರಿಗೆ ಇಳಿದರೆ ದೋಷ ಕಾಂತದ್ದು. ಎರಡೂ ವೇಗದಲ್ಲಿ ಅಷ್ಟೇ ಉಳಿದರೆ ಗೊಳವೆ ಹಿಡಿದ ಕೈಯದು. ಕಾಂತದ ದೋಷವಾದರೆ ಕಾಂತಕ್ಕೂ ತಗಡಿಗೂ ನಡುವೆ ಒಂದು ಕಾಗದದ ಚೂರು ಇಟ್ಟು, ಕೋತಿ ಬೀಳದೆ ನಿಲ್ಲುವಷ್ಟು ಮಾತ್ರ ವಿದ್ಯುತ್ ಹರಿಸಬೇಕು.